ರಟ್ಟಿನ ಪೆಟ್ಟಿಗೆಯ ಅಳತೆ ಬರೆಯದ ಪತ್ರ

ನಮ್ಮದು ಬಾಗಿಲಿನ ಸ್ಟೀಲ್ ಹಿಂಜ್ ಮಾಡುವ ಚಿಕ್ಕ ಕಾರ್ಖಾನೆ. ಹೊರದೇಶದಲ್ಲಿ ವಿತರಕರನ್ನು ಹುಡುಕುವ ಪತ್ರ ಬರೆಯುವ ಕೆಲಸ ನನ್ನದು. ಮೊದಲ ಪತ್ರ ಎರಡು ಪುಟವಿತ್ತು. ಮಾಲೀಕರ ಶ್ರಮ, ಹೊಸ ಯಂತ್ರ, ನಮ್ಮ ಗುಣಮಟ್ಟ, ಎಲ್ಲ ಬರೆದಿದ್ದೆ. ಒಬ್ಬರೇ ಒಬ್ಬ ಆಮದುದಾರರು ಉತ್ತರಿಸಿದರು: "ಒಂದು ಪೆಟ್ಟಿಗೆಯಲ್ಲಿ ಎಷ್ಟು ಜೊತೆ? ಪೆಟ್ಟಿಗೆಯ ಅಳತೆ, ತೂಕ ಎಷ್ಟು?"

ಯಾಕೆ ಕೇಳಿದರು ಅಂತ ಆಗ ನನಗೆ ಹೊಳೆಯಲಿಲ್ಲ. ಅವರಿಗೆ ಬೇಕಿದ್ದುದು ನಮ್ಮ ಬೆಲೆಯಲ್ಲ, ಮಾಲು ಅವರ ಗೋದಾಮಿಗೆ ಬಂದು ಇಳಿಯುವಾಗ ತಗಲುವ ಬೆಲೆ. ನಮ್ಮ ಪೆಟ್ಟಿಗೆಯಲ್ಲಿ 48 ಜೊತೆ, 18 ಕೆಜಿ, ಅಳತೆ 40 × 30 × 20 ಸೆಂ.ಮೀ. ನೂರು ಪೆಟ್ಟಿಗೆ ಅಂದ್ರೆ 2.4 ಘನ ಮೀಟರ್, 1.8 ಟನ್. ಕಂಟೇನರ್ ತುಂಬದ ಮಾಲಿಗೆ ಹಡಗಿನ ಬಾಡಿಗೆ ಸಾಮಾನ್ಯವಾಗಿ ಘನ ಮೀಟರ್ ಅಥವಾ ಟನ್, ಯಾವುದು ಜಾಸ್ತಿಯೋ ಅದರ ಮೇಲೆ. ಇಲ್ಲಿ 2.4ರ ಮೇಲೆ. ಪೆಟ್ಟಿಗೆಯಲ್ಲಿ ಸುಮ್ನೆ ಖಾಲಿ ಜಾಗ ಬಿಟ್ಟಿದ್ದರೆ ಆ ದುಡ್ಡು ಅವರ ಜೇಬಿನಿಂದ ಹೋಗುತ್ತದೆ.

ಹೊಸ ಪತ್ರ ಒಂದೇ ಪುಟ. ಅದರ ನಡುಭಾಗ ಹೀಗಿದೆ:

"ಮಾನ್ಯರೇ, ತಮ್ಮ ಕ್ಯಾಟಲಾಗ್‌ನಲ್ಲಿ ಬೀಗ, ಹಿಡಿಗಳನ್ನು ನೋಡಿದೆವು, ಹಿಂಜ್ ಕಾಣಲಿಲ್ಲ. ನಾವು ತಯಾರಿಸುವುದು ಅದನ್ನೇ (ಎಚ್‌ಎಸ್ ಕೋಡ್ 8302.10). ನಮ್ಮ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಎಫ್‌ಒಬಿ ಬೆಲೆ, ಪೆಟ್ಟಿಗೆಯ ವಿವರಗಳನ್ನು ಲಗತ್ತಿಸಿದ್ದೇವೆ. ಬೆಲೆ 60 ದಿನ ಬದಲಾಗುವುದಿಲ್ಲ. ಕನಿಷ್ಠ ಆರ್ಡರ್ 100 ಪೆಟ್ಟಿಗೆ. ತಾವು ಒಪ್ಪಿದರೆ ಮಾದರಿ ಕಳುಹಿಸಲು ಸಿದ್ಧರಿದ್ದೇವೆ."

ಎಚ್‌ಎಸ್ ಕೋಡ್ ಅಂದ್ರೆ ಕಸ್ಟಮ್ಸ್‌ನವರು ಮಾಲನ್ನು ಗುರುತಿಸುವ ಸಂಖ್ಯೆ. ಅದರ ಮೊದಲ ಆರು ಅಂಕಿ ಆ ಪದ್ಧತಿ ಬಳಸುವ ಎಲ್ಲ ದೇಶಗಳಲ್ಲೂ ಒಂದೇ. ಅದರಿಂದ ಅವರು ತಮ್ಮ ಕಡೆಯ ಸುಂಕವನ್ನು ತಾವೇ ನೋಡಿಕೊಳ್ಳಬಹುದು. "ಕ್ಯಾಟಲಾಗ್ ನೋಡಿದೆವು" ಅನ್ನುವ ಮಾತು ಮಾತ್ರ ನಿಜವಾಗಿರಬೇಕು. ನೋಡದೆ ಬರೆದರೆ ಗೊತ್ತಾಗಿಬಿಡುತ್ತದೆ.

ಇನ್ನೊಂದು ತಪ್ಪಿಗೆ ದುಬಾರಿ ಬೆಲೆ ತೆತ್ತೆವು. ಹಿಂದೆ ಒಂದು ಪತ್ರದಲ್ಲಿ ಗೌರವ ತೋರಿಸುವ ಉತ್ಸಾಹದಲ್ಲಿ "ತಮ್ಮ ದೇಶಕ್ಕೆ ತಾವೊಬ್ಬರೇ ನಮ್ಮ ವಿತರಕರು" ಎಂದು ಬರೆದಿದ್ದೆ. ಅವರು ಒಪ್ಪಿದರು, ಒಪ್ಪಂದವೂ ಆಯಿತು. ಒಂದು ಸಣ್ಣ ಆರ್ಡರ್ ಕೊಟ್ಟು ಸುಮ್ಮನಾದರು. ಒಂದೂವರೆ ವರ್ಷ ಆ ದೇಶದಲ್ಲಿ ಬೇರೆ ಯಾರಿಗೂ ಮಾರುವಂತಿರಲಿಲ್ಲ. ಗೌರವ "ಮಾನ್ಯರೇ, ತಾವು" ಎನ್ನುವುದರಲ್ಲಿದ್ದರೆ ಸಾಕು, ಅಲ್ವಾ? ಈಗ ಬರೆಯುವುದು ಇಷ್ಟೇ: "ಮೊದಲ 12 ತಿಂಗಳ ಖರೀದಿ ನೋಡಿ, ವರ್ಷಕ್ಕೆ ಕನಿಷ್ಠ ಇಷ್ಟು ಎಂದು ಇಬ್ಬರೂ ಒಪ್ಪಿದ ಮೇಲೆ, ಏಕೈಕ ವಿತರಣೆಯ ವಿಷಯ ಮಾತನಾಡೋಣ."

ಪೆಟ್ಟಿಗೆಯ ಅಳತೆ ಕೇಳಿದ್ದವರಿಗೇ ಹೊಸ ಪತ್ರ ಮತ್ತೆ ಕಳಿಸಿದೆ. ಈ ಸಲವೂ ಒಂದೇ ಸಾಲಿನ ಉತ್ತರ: ಮಾದರಿಯ ಕೊರಿಯರ್ ಖರ್ಚು ಯಾರದು?