ಜಾಕೆಟ್ ಎಷ್ಟು ಪಿಕ್ಸೆಲ್ ಇದೆ, ಅದನ್ನು ಮೊದಲು ಹೇಳಿ

"ಇನ್‌ಪೇಂಟ್ ಮಾಡುವಾಗ ಮಾಸ್ಕ್ ಬ್ಲರ್ ಎಷ್ಟು, ಪ್ಯಾಡಿಂಗ್ ಎಷ್ಟು ಇಡ್ಬೇಕು? ಚಿಕ್ಕ ಬಟ್ಟೆ ಶಾರ್ಪಾಗಿ ಬರ್ತಾನೇ ಇಲ್ಲ. ಒಂದು ನಂಬರ್ ಹೇಳ್ಬಿಡಿ, ಸಾಕು."

ಬ್ಲರ್ 4, ಪ್ಯಾಡಿಂಗ್ 32. ಚಿತ್ರ ಬಿಡಿಸುವ ಎಐ ಮಾಡೆಲ್ ಸ್ಟೇಬಲ್ ಡಿಫ್ಯೂಷನ್ ಅನ್ನು ಓಡಿಸುವ AUTOMATIC1111 ವೆಬ್‌ಯುಐ ತೆರೆದಾಗ ಅಲ್ಲಿ ಮೊದಲೇ ಇರುವ ನಂಬರ್‌ಗಳು ಇವೇ. ನಂಬರ್ ಮಾತ್ರ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು.

ಆ "ಸಾಕು" ಅನ್ನುವ ಮಾತೇ ನನಗೆ ಸಿಟ್ಟು ತರಿಸುವುದು. ಯಾರಿಗೆ ಹೊಲಿಯಬೇಕು ಅಂತ ಹೇಳದೆ ಎಷ್ಟು ಮೀಟರ್ ಬಟ್ಟೆ ಬೇಕು ಅಂತ ಕೇಳಿದ ಹಾಗೆ ಅದು. ಇನ್‌ಪೇಂಟ್ ಅಂದರೆ ಚಿತ್ರದ ಒಂದು ಭಾಗದ ಮೇಲೆ ಮಾಸ್ಕ್ ಬಳಿದು ಅಷ್ಟನ್ನು ಮಾತ್ರ ಹೊಸದಾಗಿ ಬಿಡಿಸುವುದು. ಆ ಮಾಸ್ಕಿನ ಅಂಚನ್ನು ಮೆತ್ತಗೆ ಮಾಡುವುದು ಬ್ಲರ್, ಅದರ ಸುತ್ತ ಎಷ್ಟು ಚಿತ್ರ ಮಾಡೆಲ್‌ಗೆ ಕಾಣಬೇಕು ಅನ್ನುವುದು ಪ್ಯಾಡಿಂಗ್. ಎರಡನ್ನೂ ಅಳೆಯುವುದು ನಿಮ್ಮ ಮೂಲ ಚಿತ್ರದ ಪಿಕ್ಸೆಲ್‌ಗಳಲ್ಲಿ. ಬಟ್ಟೆ ಎಷ್ಟು ದೊಡ್ಡದಿದೆ ಅಂತ ಗೊತ್ತಿಲ್ಲದೆ ನಾನು ಯಾವ ನಂಬರ್ ಹೇಳಿದರೂ ಅದು ಊಹೆ ಅಷ್ಟೇ.

ಒಂದು ಚಿತ್ರ ತಗೊಳ್ಳೋಣ. 1024×1536 ಅಳತೆ. ದೂರದಲ್ಲಿ ಒಬ್ಬರು ನಿಂತಿದ್ದಾರೆ. ಅವರ ಜಾಕೆಟ್ ಮೇಲೆ ಬಳಿದ ಮಾಸ್ಕ್ 96 ಪಿಕ್ಸೆಲ್ ಅಗಲ, 128 ಪಿಕ್ಸೆಲ್ ಎತ್ತರ ಇದೆ. ಸ್ಟೇಬಲ್ ಡಿಫ್ಯೂಷನ್ ಚಿತ್ರವನ್ನು ಪ್ರತಿ ದಿಕ್ಕಿನಲ್ಲೂ ಎಂಟನೇ ಒಂದು ಭಾಗಕ್ಕೆ ಕುಗ್ಗಿಸಿಕೊಂಡು ಕೆಲಸ ಮಾಡುತ್ತದೆ. ಅಂದರೆ ಇಡೀ ಚಿತ್ರವನ್ನು ಹಾಗೇ ಕೊಟ್ಟರೆ ಆ ಜಾಕೆಟ್‌ಗೆ ಸಿಗುವುದು 12×16 ಚೌಕಗಳು. ಕಾಲರ್, ಗುಂಡಿ, ಜೇಬು ಎಲ್ಲವನ್ನೂ ಅಷ್ಟರಲ್ಲೇ ಹಿಡಿಸಬೇಕು. ಬಟ್ಟೆ ಮೇಣ ಕರಗಿದ ಹಾಗೆ ಕಾಣುವುದು ಇದಕ್ಕೇ.

ಈಗ ಹೀಗೆ ಇಡಿ:

```
Inpaint area: Only masked
Mask blur: 4
Only masked padding, pixels: 32
Width: 768
Height: 1024
```

ಮೊದಲು ಬ್ಲರ್ ಮಾಸ್ಕಿನ ಅಂಚನ್ನು ಸುತ್ತಲೂ ಸುಮಾರು 10 ಪಿಕ್ಸೆಲ್ ಹರಡುತ್ತದೆ. ಮಾಸ್ಕ್ 116×148 ಆಗುತ್ತದೆ. ಅದರ ಮೇಲೆ ನಾಲ್ಕೂ ಕಡೆ 32 ಪ್ಯಾಡಿಂಗ್ ಸೇರಿ 180×212. ನೀವು ಕೇಳಿದ ಅಗಲ ಎತ್ತರಗಳ ಅನುಪಾತಕ್ಕೆ ಹೊಂದುವಂತೆ ಅದು ಇನ್ನಷ್ಟು ಹಿಗ್ಗಿ 180×240 ಆಗುತ್ತದೆ. ಆ ತುಂಡನ್ನು ಕತ್ತರಿಸಿ, 768×1024ಕ್ಕೆ ಹಿಗ್ಗಿಸಿ, ಅಲ್ಲಿ ಬಿಡಿಸಿ, ಮತ್ತೆ ಕುಗ್ಗಿಸಿ ಮೂಲ ಜಾಗದಲ್ಲಿ ಅಂಟಿಸುತ್ತದೆ. ಹಿಗ್ಗಿದ್ದು ಸುಮಾರು 4.3 ಪಟ್ಟು. 96 ಪಿಕ್ಸೆಲ್ ಜಾಕೆಟ್ ಬಿಡಿಸುವ ಹೊತ್ತಿಗೆ 410 ಪಿಕ್ಸೆಲ್ ಅಗಲ ಆಗಿರುತ್ತದೆ. ಈಗ ಗುಂಡಿಗೂ ಜಾಗ ಇದೆ.

ಪ್ಯಾಡಿಂಗ್ ಅನ್ನು 128ಕ್ಕೆ ಏರಿಸಿದರೆ ಕತ್ತರಿಸುವ ತುಂಡು 372×496 ಆಗುತ್ತದೆ. ಹಿಗ್ಗುವುದು ಬರೀ 2 ಪಟ್ಟು. ಜಾಕೆಟ್ 200 ಪಿಕ್ಸೆಲ್ ಹತ್ತಿರಕ್ಕೆ ಇಳಿಯಿತು, ಅಂದರೆ ಅರ್ಧ ಜಾಗ ಹೋಯಿತು. ಹಾಗಾದರೆ ಸೊನ್ನೆ ಇಡೋಣ ಅಂತ ಹೊರಡುವವರು ಬೇಕಾದಷ್ಟು ಜನ. ಸೊನ್ನೆಯಲ್ಲಿ 6.6 ಪಟ್ಟು ಹಿಗ್ಗುತ್ತದೆ, ನಿಜ. ಆದರೆ ಮಾಡೆಲ್‌ಗೆ ಕುತ್ತಿಗೆಯೂ ಕಾಣುವುದಿಲ್ಲ, ಕೈಯೂ ಕಾಣುವುದಿಲ್ಲ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಅಂತಲೂ ತಿಳಿಯುವುದಿಲ್ಲ. ಜಾಕೆಟ್ ಅಂತೂ ಬರುತ್ತದೆ, ಚೆನ್ನಾಗಿಯೇ ಬರುತ್ತದೆ, ಆದರೆ ಬೇರೆ ಯಾರದೋ ಮೈಗೆ ಹೊಲಿದದ್ದು. ಪ್ರಾಂಪ್ಟಿನಲ್ಲಿ ಇಡೀ ದೃಶ್ಯ ಬರೆದಿದ್ದರೆ ಇನ್ನೂ ಕೆಟ್ಟದ್ದು: ಎದೆಯ ಮೇಲೆ ಒಂದು ಪುಟ್ಟ ಮನುಷ್ಯ ನಿಂತಿರುತ್ತಾನೆ. ಕತ್ತರಿಸಿದ ತುಂಡಿನಲ್ಲಿ ಏನಿದೆಯೋ ಅದನ್ನಷ್ಟೇ ಬರೆಯಬೇಕು.

ಪ್ಯಾಡಿಂಗ್ ವಿಷಯದಲ್ಲಿ ನನ್ನ ಅಳತೆ ಇದು: ಗಲ್ಲ ಮತ್ತು ಸೊಂಟ ತುಂಡಿನೊಳಗೆ ಬಂದರೆ ಸಾಕು, ಅದಕ್ಕಿಂತ ಜಾಸ್ತಿ ಬೇಡ.

ಬ್ಲರ್ ಬಗ್ಗೆ ಜನ ಮಾಡುವ ತಪ್ಪು ಬೇರೆ ಥರ. ಅಂಚಿನಲ್ಲಿ ಗೆರೆ ಕಂಡ ಕೂಡಲೇ ಬ್ಲರ್ ಏರಿಸುತ್ತಾರೆ. 8, 12, 20. ಅಗಲವಾದ ಬಟ್ಟೆಯಲ್ಲಿ ಅದು ನಡೆಯುತ್ತದೆ. ಆದರೆ ತೋಳಿನ ಕೊನೆಯ ಪಟ್ಟಿ 24 ಪಿಕ್ಸೆಲ್ ಅಗಲ ಇದ್ದು, ಅದರ ಮೇಲಷ್ಟೇ ಮಾಸ್ಕ್ ಬಳಿದು, ಬ್ಲರ್ 12 ಇಟ್ಟರೆ ಮಾಸ್ಕಿನ ನಟ್ಟನಡುವೆಯೂ ಅದು ಪೂರ್ತಿ ಬಿಳಿ ಉಳಿಯುವುದಿಲ್ಲ. ನಡುವಲ್ಲೇ ಸುಮಾರು 68% ಹೊಸದು, ಮಿಕ್ಕಿದ್ದು ಹಳೆಯದು. ಎರಡೂ ಒಂದರ ಮೇಲೊಂದು ಕೂರುತ್ತವೆ. ಬಟ್ಟೆಯ ಅಂಚು ಎರಡೆರಡು ಕಾಣುತ್ತದೆ, ಮೇಲೆ ಮಂಜು ಕವಿದ ಹಾಗಿರುತ್ತದೆ. "ಶಾರ್ಪಾಗಿ ಬರ್ತಾನೇ ಇಲ್ಲ" ಅನ್ನುವವರು ತೋರಿಸುವ ಚಿತ್ರಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಮಾಸ್ಕಿನ ಅತಿ ಕಿರಿದಾದ ಜಾಗ ಅಳೆದು ಆರರಿಂದ ಭಾಗಿಸಿ. 24 ಇದ್ದರೆ 4. ಅದಕ್ಕಿಂತ ಮೇಲೆ ಹೋಗಬೇಡಿ. ಅಂಚಿನ ಗೆರೆ ಆಗಲೂ ಉಳಿದರೆ ಮಾಸ್ಕನ್ನು ಬಟ್ಟೆಯ ಆಚೆಗೆ ನಾಲ್ಕೈದು ಪಿಕ್ಸೆಲ್ ಬಳಿಯಿರಿ. ಹಳೆಯದನ್ನು ಎಷ್ಟು ಬದಲಿಸಬೇಕು ಅನ್ನುವ ಡಿನಾಯ್ಸಿಂಗ್ ಅನ್ನು 0.75ರಿಂದ 0.5ರ ಹತ್ತಿರಕ್ಕೆ ಇಳಿಸಿ.

ಒಂದು ಸಂಜೆಯ ಕಥೆ ಹೇಳಲೇಬೇಕು. ಗೆಳೆಯರೊಬ್ಬರು ಸ್ಕ್ರೀನ್‌ಶಾಟ್ ಮೇಲೆ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದರು. ಬ್ಲರ್ 4, ಪ್ಯಾಡಿಂಗ್ 32, ಓನ್ಲಿ ಮಾಸ್ಕ್ಡ್, ಎಲ್ಲ ಸರಿ. ಜಾಕೆಟ್ ಮಾತ್ರ ಮೇಣವೇ. "ನೀವು ಹೇಳಿದ ನಂಬರೇ ಸುಳ್ಳು" ಅಂದರು. ಎರಡು ಗಂಟೆ ಹೋಯಿತು. ಕೊನೆಗೆ ಬಿಡಿಸುವಾಗ ಬರುವ ಪ್ರಿವ್ಯೂ ಕಳಿಸಿ ಅಂದೆ. ಅದರಲ್ಲಿ ಜಾಕೆಟ್ ದೊಡ್ಡದಾಗಿ ಕಾಣಬೇಕಿತ್ತು, ಕಂಡದ್ದು ಹೆಚ್ಚುಕಮ್ಮಿ ಇಡೀ ಚಿತ್ರ. ಕೆಳಗಿನ ಮೂಲೆಯಲ್ಲಿ ಬ್ರಷ್ ತಾಗಿ ಒಂದು ಚುಕ್ಕೆ ಬಿದ್ದಿತ್ತು. ಕತ್ತರಿಸುವ ಚೌಕ ಎಲ್ಲ ಮಾಸ್ಕನ್ನೂ ಒಳಗೊಳ್ಳಬೇಕು, ಆ ಚುಕ್ಕೆಯನ್ನೂ ಸೇರಿಸಿ. ಹಾಗಾಗಿ ಹಿಗ್ಗುವುದೇ ನಿಂತುಹೋಗಿತ್ತು. ಅದನ್ನು ಅಳಿಸಿದ ಮೇಲೆ ಮೊದಲ ಸಲಕ್ಕೇ ಗುಂಡಿಗಳು ಬಂದವು. ಇದೇ ಚುಕ್ಕೆಯನ್ನು ಬೇಕೆಂದೇ ಇಡುವುದೂ ಉಂಟು: ಮುಖ ತುಂಡಿನೊಳಗೆ ಬರಲಿ ಅಂತ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇಟ್ಟರೆ ಆ ಕಡೆಗೆ ಚೌಕ ಬೆಳೆಯುತ್ತದೆ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ. ಅಂಟಿಸುವಾಗ ಆ 410 ಪಿಕ್ಸೆಲ್ ಜಾಕೆಟ್ ಎಲ್ಲಿಗೆ ಹೋಯಿತು? ಮತ್ತೆ 96ಕ್ಕೇ ಕುಗ್ಗಿತು, ಅಲ್ವಾ? ಮಾಡೆಲ್ ಎಷ್ಟೇ ಚೆನ್ನಾಗಿ ಬಿಡಿಸಲಿ, ಚಿತ್ರದಲ್ಲಿ ಆ ಜಾಕೆಟ್‌ಗೆ ಇರುವುದು 96 ಪಿಕ್ಸೆಲ್. ಗುಂಡಿಯ ಸುತ್ತಲಿನ ಹೊಲಿಗೆ ಅದರಲ್ಲಿ ಕೂರುವುದಿಲ್ಲ. ಬ್ಲರ್ ತಿರುಗಿಸಿ ಪ್ಯಾಡಿಂಗ್ ತಿರುಗಿಸಿ ಇದನ್ನು ಗೆಲ್ಲಲು ಆಗುವುದಿಲ್ಲ.

ಮೊದಲು ಇಡೀ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿ, 2048×3072ಕ್ಕೆ. ಈಗ ಜಾಕೆಟ್ 192×256. ಹಳೆಯ ನಂಬರ್‌ಗಳನ್ನೇ ಉಳಿಸಿದರೆ ಸುತ್ತಲಿನ ನೋಟ ಅರ್ಧವಾಗುತ್ತದೆ, ಅಂಚೂ ಗಡುಸಾಗುತ್ತದೆ. ಹಾಗಾಗಿ ಬ್ಲರ್ 8, ಪ್ಯಾಡಿಂಗ್ 64 ಮಾಡಿ. ತುಂಡು 360×480 ಆಗುತ್ತದೆ, ಹಿಗ್ಗುವುದು 2.1 ಪಟ್ಟು. ಬಿಡಿಸುವ ಜಾಕೆಟ್ ಮೊದಲಿನ ಹಾಗೆ 410 ಪಿಕ್ಸೆಲ್ಲೇ. ಆದರೆ ಅಂಟುವುದು 192 ಪಿಕ್ಸೆಲ್ ಜಾಗಕ್ಕೆ. ಹೊಲಿಗೆ ಅಲ್ಲಿ ಉಳಿಯುತ್ತದೆ.

ಮುಂದಿನ ಸಲ ಕೇಳುವಾಗ ಚಿತ್ರದ ಅಳತೆ, ಮಾಸ್ಕಿನ ಅಗಲ, ಅದರ ಅತಿ ಕಿರಿದಾದ ಜಾಗ, ಈ ಮೂರನ್ನೂ ಬರೆದು ಕಳಿಸಿ. ಪ್ರಿವ್ಯೂ ಕೂಡ ಇದ್ದರೆ ಇನ್ನೂ ಒಳ್ಳೆಯದು, ಚುಕ್ಕೆ ಹುಡುಕುವ ಕೆಲಸ ತಪ್ಪುತ್ತದೆ.