ಹಳೇ ಮ್ಯಾನೇಜರ್‌ಗೆ ಏನಂತ ಮೆಸೇಜ್ ಹಾಕಿದೆ ಅಂದ್ರ

"ಅಕ್ಕಾ, ಇಷ್ಟ್ ವರ್ಷ ಮನ್ಯಾಗ ಕುಂತು ಆಮ್ಯಾಲ ನಿಮ್ಮ ಹಳೇ ಮ್ಯಾನೇಜರ್‌ಗೆ ಏನಂತ ಮೆಸೇಜ್ ಹಾಕಿದ್ರಿ? ಅದನ್ನೇ ನನಗ ಜರಾ ಫಾರ್ವರ್ಡ್ ಮಾಡ್ರಲ್ಲ."

ಮಾಡಂಗಿಲ್ಲ. ಮೊದಲು ಆ "ಕುಂತು" ಅನ್ನೋದು ತೆಗೀರಿ. ಎರಡು ಕೂಸು, ಅತ್ತಿಯವರ ಮಂಡಿ ಆಪರೇಷನ್, ಅದರ ಮ್ಯಾಲ ಕಲಬುರಗಿ ಬ್ಯಾಸಿಗಿ, ಇದರಾಗ ನಾ ಕುಂತದ್ದು ಯಾವಾಗ ಅಂತ ಯಾರರೇ ನೋಡಿದ್ರ ಹೇಳ್ರಿ, ನನಗೂ ಒಮ್ಮೆ ನೆನಪು ಮಾಡ್ಕೋಬೇಕಾಗ್ಯಾದ. ಇನ್ನ ಮೆಸೇಜ್ ಫಾರ್ವರ್ಡ್ ಮಾಡೋದು. ನನ್ನ ಮೆಸೇಜಿನ್ಯಾಗ ನನ್ನ ಕೆಲಸ ಅದ, ನಿಮ್ಮದಲ್ಲ. ನಿಮ್ಮ ಹೆಸರು ಹಾಕಿ ಕಳಿಸಿದ್ರ ನಿಮ್ಮ ಸರ್‌ಗೆ "ಇವರು ಯಾವಾಗ ಬಿಲ್ ನೋಡ್ತಿದ್ರು" ಅಂತ ಆಶ್ಚರ್ಯ ಆಗ್ತದ ಅಷ್ಟೇ.

ನಾನು ಹೈದರಾಬಾದಿನ ಒಂದು ಕಂಪನಿಯಾಗ ಅಕೌಂಟ್ಸ್ ಪೇಯೆಬಲ್‌ದಾಗ ಇದ್ದೆ, ಅಂದ್ರ ಮಾಲು ಕೊಟ್ಟವರ ಬಿಲ್ ಬಂದ್ರ ಚೆಕ್ ಮಾಡಿ ರೊಕ್ಕ ಬಿಡೋ ಕೆಲಸ. 2018ರ ಮಾರ್ಚಿನ್ಯಾಗ ಬಿಟ್ಟೆ, 2024ರಾಗ ಮೆಸೇಜ್ ಹಾಕಿದೆ. ಅಷ್ಟೊತ್ತಿಗೆ ನಮ್ಮ ಸರ್ ಬ್ಯಾರೆ ಕಂಪನಿಗಿ ಹೋಗಿದ್ರು. ಇದು ಲಿಂಕ್ಡ್‌ಇನ್‌ದಾಗ ಮೊದಲೇ ನೋಡಿಕೊಂಡಿದ್ದೆ.

ಈಗ ಒಂದು ಮದುವಿ ಕಥಿ ಹೇಳ್ತೀನಿ, ಯಾಕಂದ್ರ ಇದನ್ನ ಬರೀಲಿಕ್ಕೆ ಅದೇ ಕಾರಣ. ಹೋದ ಬ್ಯಾಸಿಗಿಯಾಗ ಇಲ್ಲೇ ನಮ್ಮ ಮಾವನವರ ಕಡೆ ಮದುವಿ, ಊಟದ ಪಂಕ್ತಿಯಾಗ ನನ್ನ ಬಾಜೂಕ ಕುಂತ ಹುಡುಗಿ (ಹುಡುಗಿ ಅಂದ್ರ ಐದು ವರ್ಷದ ಮಗಳ ತಾಯಿ) ಕೈ ಎಂಜಲಿದ್ದಾಗ್ಲೇ ಎಡಗೈಲೆ ಫೋನ್ ತೆಗ್ದು ನೋಡ್ರಕ್ಕಾ ನಾನೂ ನಿಮ್ಮಂಗೇ ಕಳಿಸೀನಿ, ಉತ್ತರಾನೇ ಇಲ್ಲ, ಮಂದಿ ಮರ್ತಬಿಡ್ತಾರ ಅಂದಳು. ನೋಡಿದೆ. ಮೊದಲ ಮೆಸೇಜ್ "ಹಾಯ್ ಸರ್". ಅದಕ್ಕ ಎರಡು ನೀಲಿ ಟಿಕ್. ಮರುದಿನ "ಹೌ ಆರ್ ಯೂ ಸರ್, ಮೇಡಂ ಮಕ್ಕಳು ಆರಾಮ?" ಅದಕ್ಕ ಅವರು ಒಂದು ಕೈ ಮುಗಿಯೋ ಚಿತ್ರ ಹಾಕ್ಯಾರ. ಆಮ್ಯಾಲ ಇಷ್ಟುದ್ದ ಬರದಾಳ, ಮಗಳು ಹುಟ್ಟಿದ್ದು, ಗಂಡನ ಟ್ರಾನ್ಸ್‌ಫರ್, ಲಾಕ್‌ಡೌನ್, ಮನಸ್ಸಿಗಿ ಬ್ಯಾಸರ, ಎಲ್ಲಾ ಆದಮ್ಯಾಲ ಕಡೀ ಸಾಲು: "ಯಾವ್ದಾದ್ರೂ ಕೆಲಸ ಇದ್ರ ಹೇಳ್ರಿ ಸರ್, ಸ್ಯಾಲರಿ ಎಷ್ಟಿದ್ರೂ ನಡೀತದ."

ನನಗ ಸಿಟ್ಟೂ ಬಂತು, ಸಂಕಟಾನೂ ಆಯ್ತು. ಆ ಮನುಷ್ಯ ಮರ್ತಿಲ್ಲ ತಂಗಿ, ಅವರಿಗಿ ಆ ಮೆಸೇಜ್ ತಗೊಂಡು ಏನ್ ಮಾಡಬೇಕಂತ ತಿಳಿದಿಲ್ಲ. ಕಂಪನಿಯಾಗ ಕೆಲಸ ಅನ್ನೋದು ಮ್ಯಾನೇಜರ್ ಕಿಸೇದಾಗ ಇರಂಗಿಲ್ಲ. ಮಂಜೂರಾದ ಪೋಸ್ಟ್ ಇರಬೇಕು, ಅದಕ್ಕೊಂದು ನಂಬರ್, ಒಂದು ಗ್ರೇಡ್, ಒಂದು ಬಜೆಟ್, ಎಚ್‌ಆರ್‌ದಾಗ ಅದನ್ನ ನೋಡಿಕೊಳ್ಳೋರು ಒಬ್ಬರು. ನಿಮ್ಮ ಹಳೇ ಮ್ಯಾನೇಜರ್ ಕೈಲಾಗೋದು ಎರಡೇ: ನಿಮ್ಮ ಮೆಸೇಜನ್ನ ಆ ಎಚ್‌ಆರ್‌ಗೆ ದಾಟಿಸೋದು, ಇಲ್ಲಾಂದ್ರ ರೆಫರಲ್ ಪೋರ್ಟಲ್‌ದಾಗ ನಿಮ್ಮ ರೆಸ್ಯೂಮೆ ಹಾಕೋದು. ದಾಟಿಸುವಾಗ ಅವರು ಮ್ಯಾಲ ಬರಿಯೋದು "ಪ್ಲೀಸ್ ಚೆಕ್" ಅಂತ ಎರಡು ಪದ. ಉಳಿದದ್ದು ಎಲ್ಲಾ ನಿಮ್ಮ ಮೆಸೇಜೇ ಹೇಳಬೇಕು. ಗಂಡನ ಟ್ರಾನ್ಸ್‌ಫರ್, ಮನಸ್ಸಿನ ಬ್ಯಾಸರ ಇರೋ ಮೆಸೇಜನ್ನ ಯಾವ ಮರ್ಯಾದಸ್ಥ ಮನುಷ್ಯ ಆಫೀಸಿನ್ಯಾಗ ದಾಟಿಸ್ತಾನ? "ಯಾವ್ದಾದ್ರೂ" ಅನ್ನೋದನ್ನ ಯಾವ ಪೋಸ್ಟಿನ ಮುಂದ ಇಡ್ತಾನ?

ಹಂಗಂತ ನನ್ನದು ಏನಿತ್ತು? ಇ-ಮೇಲ್‌ದಾಗ ಇಂಗ್ಲಿಷಿನ್ಯಾಗ ಕಳಿಸಿದ್ದೆ, ಹೆಸರು ನಂಬರ್ ಬಿಟ್ಟು ಇಲ್ಲಿ ಕನ್ನಡದಾಗ ಹಾಕ್ತೀನಿ.

"ಸರ್, 2015ರಿಂದ 2018ರ ಮಾರ್ಚ್ ತನಕ ನಿಮ್ಮ ಟೀಮಿನ್ಯಾಗ ಅಕೌಂಟ್ಸ್ ಪೇಯೆಬಲ್ ನೋಡ್ತಿದ್ದೆ. ಜಿಎಸ್‌ಟಿ ಬಂದ ವರ್ಷ ಟ್ರಾನ್ಸ್‌ಪೋರ್ಟ್‌ನವರ ಬಾಕಿ ಬಿಲ್ ಎಲ್ಲಾ ಕ್ಲಿಯರ್ ಮಾಡಿದ್ದು ನಾನೇ. ಮಕ್ಕಳ ಸಲುವಾಗಿ ಕೆಲಸ ಬಿಟ್ಟಿದ್ದೆ, ಈಗ ಇಬ್ಬರೂ ಸಾಲಿಗಿ ಹೋಗ್ತಾರ. ಒಂದು ವರ್ಷದಿಂದ ಕಲಬುರಗಿಯಾಗ ಒಬ್ಬ ಟ್ಯಾಕ್ಸ್ ಕನ್ಸಲ್ಟಂಟ್ ಹತ್ರ ದಾಲ್ ಮಿಲ್‌ಗಳ ಖರೀದಿ ಬಿಲ್‌ಗಳನ್ನ ಜಿಎಸ್‌ಟಿ ಪೋರ್ಟಲಿನ 2ಬಿ ಪಟ್ಟಿ ಜೊತಿ ತಾಳೆ ನೋಡ್ತೀನಿ. ನಿಮ್ಮ ಕಂಪನಿ ಸೈಟಿನ್ಯಾಗ ಸೀನಿಯರ್ ಅಸೋಸಿಯೇಟ್ ಪೋಸ್ಟ್ ಕಂಡೆ, ಜಾಬ್ ಐಡಿ ಕೆಳಗದ. ಇನ್ನೂ ಅಪ್ಲೈ ಮಾಡಿಲ್ಲ. ನೋಟಿಸ್ ಪೀರಿಯಡ್ ಇಲ್ಲ, 15 ದಿನದಾಗ ಸೇರಬಲ್ಲೆ. ವಾರಕ್ಕ ಎರಡು ದಿನ ಹೈದರಾಬಾದಿಗೆ ಬರ್ತೀನಿ. ಈ ಪೋಸ್ಟ್ ಯಾರ ಟೀಮಿನದು ಅಂತ ಗೊತ್ತಿದ್ರ ಹೇಳ್ತೀರಾ? ರೆಸ್ಯೂಮೆ ಜೊತಿಗದ."

ಮುಗೀತು. ಮಕ್ಕಳದು ಒಂದೇ ಸಾಲು ನೋಡ್ರಿ, ಕ್ಷಮಾ ಕೇಳಿಲ್ಲ. "ಇನ್ನೂ ಅಪ್ಲೈ ಮಾಡಿಲ್ಲ" ಅನ್ನೋದು ಸುಮ್ಮ ಹಾಕಿದ್ದಲ್ಲ. ನೀವೇ ಮೊದಲು ಸೈಟಿನ್ಯಾಗ ಅರ್ಜಿ ತುಂಬಿದ್ರ ಭಾಳ ಕಂಪನಿಯಾಗ ಅದೇ ಇ-ಮೇಲ್ ಮ್ಯಾಲ ಕೆಲವು ತಿಂಗಳು ರೆಫರಲ್ ಹಿಡಿಯಂಗಿಲ್ಲ, ನಿಮ್ಮ ಸರ್ ಹಾಕಲಿಕ್ಕೆ ಹೋದ್ರ ಈ ಅಭ್ಯರ್ಥಿ ಮೊದಲೇ ಇದ್ದಾರ ಅಂತ ಬರ್ತದ. ಹಳೇ ಕಂಪನಿಗೇ ವಾಪಸ್ ಹೋಗೋರಾದ್ರ ನಿಮ್ಮ ಹಳೇ ಎಂಪ್ಲಾಯಿ ನಂಬರ್ ಬರೀರಿ, ಅದರಿಂದ ಎಚ್‌ಆರ್‌ನವರು ನಿಮ್ಮ ಫೈಲ್ ತೆಗ್ದು ಮತ್ತ ತಗೋಬಹುದಾ ಇಲ್ಲಾ ಅಂತ ನೋಡ್ತಾರ. ಇನ್ನ ಆ 15 ದಿನ. ಕೆಲಸದಾಗ ಇದ್ದವರು ಎರಡು ಮೂರು ತಿಂಗಳ ನೋಟಿಸ್ ಕೊಟ್ಟು ಬರಬೇಕು, ನಡುವ ಬ್ಯಾರೆ ಆಫರ್ ಸಿಕ್ಕ್ರ ಕೈ ಕೊಡ್ತಾರ. ಮನಿಯಿಂದ ವಾಪಸ್ ಬರೋರ ಹತ್ರ ಈ ಒಂದು ಮಾಲು ಅದ, ಮತ್ತ ನಮ್ಮ ಹೆಣ್ಮಕ್ಕಳು ಇದನ್ನೇ ಬರಿಯಂಗಿಲ್ಲ, ನಾಚ್ಕಿ ಆಗ್ತದಂತ!

ಇಷ್ಟು ಹೇಳಿದ್ರೂ ಆ ಹುಡುಗಿ ಕೇಳಿದ್ದು "ಅಕ್ಕಾ, ಸರ್ ಅನ್ಬೇಕಾ ಡಿಯರ್ ಸರ್ ಅನ್ಬೇಕಾ" ಅಂತ. ಏನರೇ ಅನ್ರಿ. ಯಾರರೇ ಒಬ್ಬರು "ಅಕ್ಕಾ, ನೀವು ಇಲ್ಲದಾಗ ಕೆಲಸದಾಗ ಏನೇನು ಬದಲಾಗಿತ್ತು, ಅದನ್ನ ಹೆಂಗ ಹಿಡಿದ್ರಿ" ಅಂತ ಕೇಳಬಾರ್ದಾ? ಅದನ್ನ ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರ ಮೆಸೇಜಿನ್ಯಾಗ ಜೀವ ಇದ್ದದ್ದು ಆ 2ಬಿ ಸಾಲಿನ್ಯಾಗೇ.

ನಾ ಬಿಟ್ಟಾಗ ಬಿಲ್ ಕೈಯಾಗ ಇದ್ರ ಸಾಕು, ಅದರ ಮ್ಯಾಲಿನ ಜಿಎಸ್‌ಟಿ ಕ್ರೆಡಿಟ್ ತಗೋತಿದ್ದೆವು, ಅಂದ್ರ ಖರೀದಿಯಾಗ ಕೊಟ್ಟ ಟ್ಯಾಕ್ಸನ್ನ ಕಂಪನಿ ತುಂಬೋ ಟ್ಯಾಕ್ಸಿನ್ಯಾಗ ಕಳೀತಿದ್ದೆವು. 2020ರಾಗ ಜಿಎಸ್‌ಟಿ ಪೋರ್ಟಲ್‌ದಾಗ ಜಿಎಸ್‌ಟಿಆರ್-2ಬಿ ಅಂತ ತಿಂಗಳಾ ಬರೋ ಪಟ್ಟಿ ಶುರು ಆಯ್ತು, ಮಾರಿದವರು ತಮ್ಮ ರಿಟರ್ನ್‌ದಾಗ ತೋರಿಸಿದ ಬಿಲ್ ಅಷ್ಟೇ ಅದರಾಗ ಇರ್ತಾವ. 2022ರ ಜನವರಿ 1ರಿಂದ ಆ ಪಟ್ಟಿಯಾಗ ಇಲ್ಲದ ಬಿಲ್‌ಗೆ ಕ್ರೆಡಿಟ್ಟೇ ಇಲ್ಲ. ಒಂದು ಲಕ್ಷದ ಮಾಲಿಗಿ 18 ಸಾವಿರ ಟ್ಯಾಕ್ಸ್ ಸೇರಿ 1,18,000 ಬಿಲ್ ಬಂತು ಅಂತ ಹಿಡಿರಿ. ಮಾರಿದವ ರಿಟರ್ನ್ ತುಂಬಿಲ್ಲ, ನೀವು ಪೂರಾ ರೊಕ್ಕ ಕೊಟ್ಟುಬಿಟ್ಟ್ರಿ, ಆ 18 ಸಾವಿರ ಆತ ತುಂಬೋ ತನಕ ನಿಮ್ಮ ಕಂಪನಿ ಕೈಗಿ ಬರಂಗಿಲ್ಲ. ಅದಕ್ಕ ಈಗ ಬಿಲ್ ಪಾಸ್ ಮಾಡೋರು 2ಬಿ ನೋಡ್ತಾರ, ಇಲ್ಲದಿದ್ರ ಟ್ಯಾಕ್ಸಿನಷ್ಟು ರೊಕ್ಕ ಹಿಡಿದಿಟ್ಟು ಮಾರಿದವನಿಗಿ ಫೋನ್ ಹಚ್ಚತಾರ. ದೊಡ್ಡ ಕಂಪನಿಯಾಗಾಗ್ಲಿ ಕಲಬುರಗಿ ದಾಲ್ ಮಿಲ್‌ನ್ಯಾಗಾಗ್ಲಿ ಇದು ಒಂದೇ ಕೆಲಸ. ಸರ್ಟಿಫಿಕೇಟ್ ಕೋರ್ಸಿಗಿ ರೊಕ್ಕ ಹಾಕೋ ಬದ್ಲಿ ನಾನು ಕನ್ಸಲ್ಟಂಟ್ ಆಫೀಸಿನ್ಯಾಗ ಮಧ್ಯಾಹ್ನ ಮೂರು ತಾಸು ಕುಂತೆ (ಹೌದು, ಅಲ್ಲಿ ಖರೇನೇ ಕುಂತೆ), ಸಂಬಳ ಹೇಳ್ಕೋಳಂಗಿರಲಿಲ್ಲ, ಆದ್ರ ಬರಿಲಿಕ್ಕೆ ಒಂದು ಖರೇ ಸಾಲು ಸಿಕ್ತು.

ಸರ್ ಫೋನ್ ಮಾಡಿದಾಗ ಮಕ್ಕಳ ಬಗ್ಗೆ ಅರ್ಧ ನಿಮಿಷ ಮಾತಾಡಿರಬಹುದು. ಆಮ್ಯಾಲ ನೆಟ್ಟಗ ಕೇಳಿದ್ದು, ಈ 45 ದಿನದ ಗದ್ದಲ ಗೊತ್ತದೇನಮ್ಮ ಅಂತ. ಆ ವರ್ಷ ಅಕೌಂಟ್ಸಿನವರ ಬಾಯಾಗೆಲ್ಲಾ ಅದೇ. ಇನ್‌ಕಮ್ ಟ್ಯಾಕ್ಸ್ ಕಾಯ್ದೆಯಾಗ 43ಬಿ(ಎಚ್) ಅಂತ ಸೇರಿಸಿದ್ರು, ಸಣ್ಣ ಉದ್ದಿಮೆಯವರಿಗಿ ಕರಾರು ಇದ್ರ ಹೆಚ್ಚಂದ್ರ 45 ದಿನದಾಗ, ಬರಹದ ಕರಾರು ಇಲ್ಲದಿದ್ರ 15 ದಿನದಾಗ ರೊಕ್ಕ ಕೊಡಬೇಕು, ಗಡುವು ದಾಟಿ ವರ್ಷದ ಕೊನಿಗೂ ಬಾಕಿ ಉಳಿದ್ರ ಆ ಖರ್ಚು ಆ ವರ್ಷದ ಲೆಕ್ಕದಾಗ ಹಿಡಿಯಂಗಿಲ್ಲ. ನಾ ಅಂದೆ, ಎಲ್ಲರಿಗಲ್ಲ ಸರ್, ಸರ್ಕಾರದ ಉದ್ಯಮ್ ನೋಂದಣಿ ಇರೋ ಮೈಕ್ರೋ, ಸ್ಮಾಲ್ ಉದ್ದಿಮೆ ಅಷ್ಟೇ, ಅದರಾಗೂ ಬರೇ ವ್ಯಾಪಾರಿ ಆದ್ರ ಬರಂಗಿಲ್ಲ, ಮಿಲ್‌ನವರಿಗಿ ಮಾಲು ಹಾಕೋರ ಪಟ್ಟಿ ಹಂಗೇ ಬ್ಯಾರೆ ಮಾಡಿ ಕೊಟ್ಟೀನಿ. ಆ ಕಡೆ ಒಂದು ಘಳಿಗಿ ಸದ್ದಿಲ್ಲ, ಆಮ್ಯಾಲ "ರೆಸ್ಯೂಮೆ ವರ್ಡ್ ಫೈಲ್‌ದಾಗ ಕಳಿಸು" ಅಂದ್ರು.

ಆ ಪೋಸ್ಟ್ ಅವರ ಟೀಮಿನದಲ್ಲ, ಬಾಜೂ ಟೀಮಿನದು. ಇಂಟರ್‌ವ್ಯೂ ಬ್ಯಾರೆಯವರೇ ಮಾಡಿದ್ರು, ಮೊದಲು ಕಾಂಟ್ರಾಕ್ಟ್ ಮ್ಯಾಲ ತಗೊಂಡ್ರು, ಸಂಬಳ ನಾ ಕೇಳಿದ್ದಕ್ಕಿಂತ ಕಡಿಮಿ. ನಿಮ್ಮ ಮ್ಯಾನೇಜರ್ ಛಲೋ ಮನುಷ್ಯ, ಅದಕ್ಕ ಕೆಲಸ ಸಿಕ್ತು ಅನ್ನೋರಿಗಿ ಇದು ಹೇಳ್ತೀನಿ. ಮನುಷ್ಯ ಛಲೋನೇ. ಆದ್ರ ಅವರು ಮಾಡಿದ್ದು ನನ್ನ ರೆಸ್ಯೂಮೆ ಯಾರರೇ ಓದೋ ಹಂಗ ಮಾಡಿದ್ದು, ಸೈಟಿನ್ಯಾಗ ಹಂಗೇ ತುಂಬಿದ್ರ ಆರು ವರ್ಷದ ಖಾಲಿ ನೋಡಿ ಮೊದಲ ಜರಡಿಯಾಗೇ ಬಿಟ್ಟಿರ್ತಿದ್ರು.

ಯಾವಾಗ ಕಳಿಸ್ಬೇಕು ಅಂತ ಕೇಳೋರೂ ಅದಾರ. ಅಕೌಂಟ್ಸಿನವರಿಗಾದ್ರ ತಿಂಗಳ ಕೊನೇ ನಾಲ್ಕು ದಿನ, ಮುಂದಿನ ತಿಂಗಳ ಮೊದಲ ವಾರ ಬ್ಯಾಡ, ಕ್ಲೋಸಿಂಗ್ ಇರ್ತದ, ತಮ್ಮ ಮನಿಯವರ ಫೋನೇ ಎತ್ತಂಗಿಲ್ಲ. ನಾ ಏಪ್ರಿಲ್ ನಡುವ ಕಳಿಸಿದ್ದು, ಹೊಸ ವರ್ಷದ ಬಜೆಟ್ ಬಂದಿರ್ತದಂತ. ಉತ್ತರ ಬರಲಿಲ್ಲ ಅಂದ್ರ ಹತ್ತು ದಿನ ಬಿಟ್ಟು ಅದೇ ಮೇಲ್ ಕೆಳಗ ಒಂದು ಸಾಲು ಹಾಕ್ರಿ, ಆಮ್ಯಾಲ ಬಿಟ್ಟುಬಿಡ್ರಿ, ಬ್ಯಾರೆಯವರಿಗಿ ಬರೀರಿ. ಗುಡ್ ಮಾರ್ನಿಂಗ್ ಹೂವಿನ ಫೋಟೋ ಕಳಿಸಿ ನೆನಪು ಮಾಡಿಸ್ಲಿಕ್ಕೆ ಹೋಗಬ್ಯಾಡ್ರಿ ದಯಮಾಡಿ.

ಮತ್ತ ಕಳಿಸೋಕಿಂತ ಮೊದಲು ಪಿಎಫ್ ಸೈಟಿಗಿ ಹೋಗಿ Service History ಒಮ್ಮೆ ನೋಡ್ರಿ. ಹಳೇ ಕಂಪನಿಯವರು ನೀವು ಬಿಟ್ಟ ತಾರೀಖು ಹಾಕಿರದಿದ್ರ, ನೀವು ಇನ್ನೂ ಅಲ್ಲೇ ಇದ್ದಂಗ ಕಾಣ್ತದ, ಮೆಸೇಜಿನ್ಯಾಗ ಬರೆದ ತಾರೀಖಿಗೂ ಅದಕ್ಕೂ ಹೊಂದಂಗಿಲ್ಲ, ಆಫರ್ ಕೈಯಾಗ ಬಂದಮ್ಯಾಲ ವೆರಿಫಿಕೇಶನ್‌ನವರು ಅಲ್ಲೇ ಹಿಡೀತಾರ. ಕೊನೇ ಪಿಎಫ್ ತುಂಬಿ ಎರಡು ತಿಂಗಳಾಗಿದ್ರ Manage ಒಳಗ Mark Exit ಅಂತ ಅದ, ಆಧಾರ್ ಒಟಿಪಿ ಹಾಕಿ ನೀವೇ ತುಂಬಬಹುದು, ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡು ತುಂಬ್ರಿ.