ಬ್ಯಾಂಕು ವಾಪಸ್ ಕಳಿಸಿದ ಎನ್‌ಒಸಿ

ಡೊಂಬಿವಲಿಯ ಫ್ಲ್ಯಾಟ್ ಮಾರಿ ಕುಂದಾಪುರಕ್ಕೆ ಮರಳಲು ಹೊರಟಿದ್ದ ದಂಪತಿ ತಮ್ಮ ಹೌಸಿಂಗ್ ಸೊಸೈಟಿಗೆ ಕೊಟ್ಟ ಅರ್ಜಿಯಲ್ಲಿ ಇದ್ದದ್ದು ಒಂದೇ ಸಾಲು: "ಫ್ಲ್ಯಾಟ್ ಮಾರುತ್ತಿದ್ದೇವೆ, ಎನ್‌ಒಸಿ ಕೊಡಿ." ಸೊಸೈಟಿಯೂ ಲೆಟರ್‌ಹೆಡ್ಡಿನಲ್ಲಿ "ನಮ್ಮ ಆಕ್ಷೇಪವಿಲ್ಲ" ಎಂದು ಒಂದೇ ಸಾಲು ಬರೆದುಕೊಟ್ಟಿತು. ಕೊಳ್ಳುವವರ ಬ್ಯಾಂಕು ಅದನ್ನು ವಾಪಸ್ ಕಳಿಸಿತು.

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ ಸದಸ್ಯರು ಫ್ಲ್ಯಾಟ್ ಮಾರಲು ಸೊಸೈಟಿಯ ಎನ್‌ಒಸಿ ಕಡ್ಡಾಯವೇ ಅಲ್ಲ. ಮಾರುವ ಉದ್ದೇಶವಿದೆ ಎಂದು ನಿಗದಿತ ನಮೂನೆಯಲ್ಲಿ 15 ದಿನದ ನೋಟಿಸ್ ಕೊಟ್ಟು, ಜೊತೆಗೆ ಕೊಳ್ಳುವವರ ಒಪ್ಪಿಗೆ ಪತ್ರ ಲಗತ್ತಿಸಿದರೆ ಸಾಕು. ಎನ್‌ಒಸಿ ಬೇಕಾಗುವುದು ಹೆಚ್ಚಾಗಿ ಸಾಲ ಕೊಡುವ ಬ್ಯಾಂಕಿಗೆ. ಹಾಗಾಗಿ ಅರ್ಜಿ ಬರೆಯುವ ಮೊದಲೇ ಆ ಬ್ಯಾಂಕಿನ ಎನ್‌ಒಸಿ ಮಾದರಿಯನ್ನು ತರಿಸಿಕೊಳ್ಳಿ. ಅದರಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್, ಷೇರು ಸರ್ಟಿಫಿಕೇಟ್ ನಂಬರ್, ಷೇರುಗಳ ಕ್ರಮಸಂಖ್ಯೆ, ಬಾಕಿ ಇಲ್ಲವೆಂಬ ಮಾತು, ಫ್ಲ್ಯಾಟ್ ಅಡವಿಡಲು ಅಭ್ಯಂತರವಿಲ್ಲ ಮತ್ತು ಬ್ಯಾಂಕಿನ ಹಕ್ಕನ್ನು ಸೊಸೈಟಿ ತನ್ನ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತದೆ ಎಂಬ ಮಾತು ಇರುತ್ತವೆ. ಈ ಕೊನೆಯದು ಬಿಟ್ಟುಹೋದರೆ ಉಳಿದದ್ದೆಲ್ಲ ಸರಿಯಿದ್ದರೂ ಬ್ಯಾಂಕು ಒಪ್ಪುವುದು ಕಷ್ಟ.

ಎರಡನೇ ಅರ್ಜಿಗೆ ಬ್ಯಾಂಕಿನ ಮಾದರಿ ಲಗತ್ತಿಸಿದಾಗ ನಿಜವಾದ ತೊಡಕು ಹೊರಬಿತ್ತು. ಸೆಕ್ರೆಟರಿ ಷೇರು ರಿಜಿಸ್ಟರ್ ತೆರೆದು ನೋಡಿದರೆ, ದಂಪತಿ ಹಿಂದೆ ತೆಗೆದಿದ್ದ ಸಾಲದ ಬ್ಯಾಂಕಿನ ಹೆಸರು ಕೆಂಪು ಶಾಯಿಯಲ್ಲಿ ಹಾಗೇ ಇತ್ತು. ಸಾಲ ತೀರಿ ಎಷ್ಟೋ ವರ್ಷವಾಗಿತ್ತು, ಆದರೆ ತೀರಿತೆಂಬ ಪತ್ರವನ್ನು ಸೊಸೈಟಿಗೆ ಯಾರೂ ಕೊಟ್ಟಿರಲಿಲ್ಲ. ಹಾಗಿರುವಾಗ "ಬೇರೆ ಯಾರ ಹಕ್ಕೂ ಇಲ್ಲ" ಎಂದು ಸೆಕ್ರೆಟರಿ ಸಹಿ ಹಾಕದಿದ್ದದ್ದು ಸರಿಯೇ. ಹಳೆಯ ಬ್ಯಾಂಕಿನ ಪತ್ರದ ಪ್ರತಿ ಕೊಟ್ಟ ಮೇಲೆ ನಮೂದು ರದ್ದಾಯಿತು. ಅಂಥ ಪತ್ರ ಮನೆಯಲ್ಲಿದ್ದರೆ ಇವತ್ತೇ ಸೊಸೈಟಿಗೆ ಕೊಟ್ಟುಬಿಡಿ. ಮಾರುವ ಗಡಿಬಿಡಿಯಲ್ಲಿ ಅದು ಸಿಗುವುದಿಲ್ಲ.

ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಸೊಸೈಟಿಯ ಸೀಲು, ತಾರೀಕು ಹಾಕಿಸಿಕೊಳ್ಳಬೇಕು. ಎನ್‌ಒಸಿ ಕೇಳಿದರೆ ಕಮಿಟಿ ಒಂದು ತಿಂಗಳೊಳಗೆ ತೀರ್ಮಾನಿಸಬೇಕು, ಆ ತಿಂಗಳನ್ನು ಎಣಿಸಲು ಈ ಸೀಲೇ ಆಧಾರ. ಮೇಂಟೆನೆನ್ಸ್ ಬಾಕಿಯನ್ನು ನೋಂದಣಿ ನಡೆಯುವ ತಿಂಗಳ ಕೊನೆಯವರೆಗೂ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಹಣದ ವಿಷಯದಲ್ಲಿ ಈ ಸೊಸೈಟಿ 50,000 ರೂಪಾಯಿ "ಡೊನೇಷನ್" ಕೇಳಿತು. ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ಫ್ಲ್ಯಾಟ್ ಕೈಬದಲಾಗುವಾಗ ಸೊಸೈಟಿ ಪಡೆಯುವ ಟ್ರಾನ್ಸ್‌ಫರ್ ಪ್ರೀಮಿಯಂ 25,000 ರೂಪಾಯಿ ಮೀರಬಾರದು, ಡೊನೇಷನ್ ಎಂದು ಬೇರೆ ಹೆಸರಿಟ್ಟು ವಸೂಲು ಮಾಡುವಂತೆಯೂ ಇಲ್ಲ. 2001ರ ಆಗಸ್ಟ್ 9ರ ಸರ್ಕಾರಿ ಸುತ್ತೋಲೆಯನ್ನು ಲಗತ್ತಿಸಿ ಲಿಖಿತವಾಗಿ ಉತ್ತರಿಸಿದ ಮೇಲೆ ಆ ಬೇಡಿಕೆ ಕೈಬಿಟ್ಟರು. ಬಾಯಿಮಾತಿನಲ್ಲಿ ಚೌಕಾಶಿಗೆ ಇಳಿದಿದ್ದರೆ ಮೂವತ್ತೈದಕ್ಕೋ ನಲವತ್ತಕ್ಕೋ ನಿಲ್ಲುತ್ತಿತ್ತು.

ಎನ್‌ಒಸಿ ಸಿಕ್ಕರೆ ಸದಸ್ಯತ್ವ ವರ್ಗವಾದಂತೆ ಅಲ್ಲ. ನೋಂದಣಿ ಮುಗಿದ ಮೇಲೆ ನೋಂದಾಯಿತ ಒಪ್ಪಂದದ ಪ್ರತಿ, ಮೂಲ ಷೇರು ಸರ್ಟಿಫಿಕೇಟ್ ಕೊಟ್ಟು ಬೇರೆ ಅರ್ಜಿ ಹಾಕಬೇಕು. ಆ ಸರ್ಟಿಫಿಕೇಟಿನ ಹಿಂಬದಿಯ ಕೋಷ್ಟಕದಲ್ಲಿ ಹೊಸಬರ ಹೆಸರು ಬರೆದು, ಪದಾಧಿಕಾರಿಗಳು ಸಹಿ ಹಾಕಿ ಸೀಲು ಒತ್ತಿದಾಗಲೇ ಹಳೆಯ ಸದಸ್ಯರು ಬಿಡುಗಡೆಯಾಗುವುದು.